ಬೀರುವಿನ ಫೋಟೋ ನೋಡಿ ಬರೆದದ್ದು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಬೀರುವಿನ ಫೋಟೋ ದೊಡ್ಡದು ಮಾಡಿ ನೋಡಿದೆ. ಬಟ್ಟೆ ಜಾಸ್ತಿ ಆಯ್ತು, ಇನ್ನೊಂದು ಬೀರು ಕೊಳ್ಳಬೇಕು ಅಂತ ಬರೆದಿದ್ದೀಯ. ಸದ್ಯಕ್ಕೆ ಬೇಡ ಕಣೆ. ಬಲಗಡೆ ಎರಡನೇ ಶೆಲ್ಫ್ ನೋಡು. ನಿಂತಲ್ಲೇ ಕೈಗೆ ಸಿಗುವ ಜಾಗ ಅದು. ಅಲ್ಲಿ ಕೂತಿರುವುದು ಯಾರು? ವರ್ಷಕ್ಕೆ ನಾಲ್ಕು ಸಲ ಉಡುವ ರೇಷ್ಮೆ ಸೀರೆಗಳು. ದಿನಾ ಆಫೀಸಿಗೆ ಹಾಕುವ ಕುರ್ತಾಗಳು ಮಾತ್ರ ತುದಿಗಾಲಲ್ಲಿ ನಿಂತು ಎಳೆಯಬೇಕಾದ ಮೇಲಿನ ಶೆಲ್ಫಿನಲ್ಲಿವೆ. ಒಂದನ್ನು ಎಳೆದರೆ ನಾಲ್ಕು ಬೀಳುತ್ತವೆ. ಅವನ್ನು ಮತ್ತೆ ಮಡಚಲು ಬೆಳಿಗ್ಗೆ ಹೊತ್ತೆಲ್ಲಿದೆ? ಹಾಗೇ ತುರುಕುತ್ತೀಯ. ಫೋಟೋದಲ್ಲಿ ಕಾಣುವ ಗುಡ್ಡ ಬೆಳೆದದ್ದು ಹೀಗೆ.

ಭುಜದಿಂದ ಸೊಂಟದವರೆಗಿನ ಎತ್ತರ ದಿನಬಳಕೆಯ ಬಟ್ಟೆಗೇ ಇರಲಿ. ಆದರೆ ಎಲ್ಲವನ್ನೂ ಒಟ್ಟಿಗೆ ಮಂಚದ ಮೇಲೆ ಸುರಿಯಬೇಡ. ಅರ್ಧಕ್ಕೆ ಸುಸ್ತಾಗಿ, ರಾತ್ರಿ ಮಲಗಲು ಜಾಗವಿಲ್ಲದೆ ಎಲ್ಲ ವಾಪಸ್ ಒಳಗೆ ಹೋಗುತ್ತದೆ. ಮೊದಲು ಆ ಎರಡು ಶೆಲ್ಫ್ ಮತ್ತು ಎಡಗಡೆಯ ಕಂಬಿ ಮಾತ್ರ ಖಾಲಿ ಮಾಡು.

ಸೀರೆಗಳು ಮೇಲಕ್ಕೆ ಹೋಗಲಿ. ಹಾಗೇ ಹೋಗುವುದು ಬೇಡ. ಆ ಜಿಪ್ ಇರುವ ಪ್ಲಾಸ್ಟಿಕ್ ಕವರ್ ತೆಗೆದುಬಿಡು, ಮಳೆಗಾಲದಲ್ಲಿ ಒಳಗೆ ತೇವ ನಿಂತರೆ ಜರಿ ಕಪ್ಪಾಗುತ್ತದೆ. ಅಪ್ಪನ ಹಳೆ ಬಿಳಿ ಪಂಚೆ ಒಗೆದು, ಚೆನ್ನಾಗಿ ಒಣಗಿಸಿ, ಮೂರು ಮೂರು ಸೀರೆಗೆ ಒಂದು ಗಂಟು ಮಾಡು. ಒಂದು ಗಂಟನ್ನು ಒಂದೇ ಸಲಕ್ಕೆ ಇಳಿಸುವಷ್ಟು ಭಾರ ಇರಬೇಕು, ಅಷ್ಟೇ. ರವಿಕೆ ಆಯಾ ಸೀರೆಯ ಮಡಿಕೆಯೊಳಗೇ ಇಡು. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಡಿಸಿ ಬೇರೆ ಕಡೆ ಮಡಚು. ಒಂದೇ ಗೆರೆಯಲ್ಲಿ ಬಹಳ ದಿನ ಇದ್ದರೆ ರೇಷ್ಮೆ ಅಲ್ಲೇ ಸೀಳುತ್ತದೆ. ನುಸಿಗುಳಿಗೆ ಹಾಕುವುದಾದರೆ ಸೀರೆಗೆ ತಾಗದ ಹಾಗೆ ಮೂಲೆಯಲ್ಲಿಡು.

ಈಗ ಕಂಬಿ. ಅಲ್ಲಿ ಲೆಹೆಂಗಾ ಜೋತಾಡುತ್ತಿದೆ, ಎರಡು ಕೋಟು, ಒಂದೇ ಹ್ಯಾಂಗರ್‌ಗೆ ಸುತ್ತಿದ ನಾಲ್ಕು ವೇಲು. ಕಸೂತಿ ತುಂಬಿದ ಲೆಹೆಂಗಾ ತನ್ನ ಭಾರಕ್ಕೇ ಜಗ್ಗುತ್ತದೆ. ಮಡಚಿ ಕೆಳಗೆ ಪೆಟ್ಟಿಗೆಗೆ ಹಾಕು. ಕೋಟುಗಳನ್ನು ಒಂದು ತುದಿಗೆ ತಳ್ಳು. ಉಳಿದ ಜಾಗಕ್ಕೆ ಇಸ್ತ್ರಿ ಬೇಕಾಗುವ ಕಾಟನ್ ಕುರ್ತಾಗಳನ್ನೆಲ್ಲ ನೇತುಹಾಕು. ಒಂದು ಹ್ಯಾಂಗರ್‌ಗೆ ಒಂದೇ ಕುರ್ತಾ. ಆ ಕುರ್ತಾಗೆ ಮಾತ್ರ ಹೊಂದುವ ವೇಲಿದ್ದರೆ ಅದೇ ಹ್ಯಾಂಗರ್‌ನ ಅಡ್ಡಪಟ್ಟಿಗೆ ಹಾಕು, ಬೆಳಿಗ್ಗೆ ಹುಡುಕುವ ಕೆಲಸ ತಪ್ಪುತ್ತದೆ. ಹ್ಯಾಂಗರ್‌ಗಳ ನಡುವೆ ಕೈ ತೂರಬೇಕು. ತೂರದಿದ್ದರೆ ತುಂಬಿತು ಅಂತ ಅರ್ಥ, ಹೆಚ್ಚಿನವನ್ನು ತೆಗೆ. ಸ್ವೆಟರ್, ಟೀಶರ್ಟ್ ಮಾತ್ರ ನೇತುಹಾಕಬೇಡ, ಭುಜದ ಹತ್ತಿರ ಗುಬುಟು ಬರುತ್ತದೆ.

ಖಾಲಿಯಾದ ಎರಡನೇ ಶೆಲ್ಫಿಗೆ ಲೆಗ್ಗಿಂಗ್ಸ್, ಜೀನ್ಸ್, ಟೀಶರ್ಟ್, ನೈಟಿ. ಇಲ್ಲೊಂದು ತೊಂದರೆ ಇದೆ. ಬೀರು ಆಳ ಇರುವುದರಿಂದ ಮುಂದಿನ ಸಾಲಿನ ಹಿಂದೆ ಇನ್ನೊಂದು ಸಾಲು ಹುಟ್ಟುತ್ತದೆ, ಅದು ಕಣ್ಣಿಗೇ ಬೀಳುವುದಿಲ್ಲ. ನಿನ್ನ ಹತ್ತಿರ ಒಂದೇ ತರಹದ ಮೂರು ಕಪ್ಪು ಲೆಗ್ಗಿಂಗ್ಸ್ ಇರುವುದು ಹಾಗೇ ಅಲ್ವಾ? ಶೆಲ್ಫಿನ ಪೂರ್ತಿ ಆಳಕ್ಕೆ ಬರುವ ಎರಡು ಉದ್ದನೆಯ ಬುಟ್ಟಿ ತಗೊ. ಕೊಳ್ಳುವ ಮುಂಚೆ ಟೇಪ್ ಹಿಡಿದು ಆಳ, ಎತ್ತರ ಅಳೆ. ಬಾಗಿಲಿನ ಚೌಕಟ್ಟು ಒಳಗೆ ಚಾಚಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿ, ಇಲ್ಲದಿದ್ದರೆ ಬುಟ್ಟಿ ಆಚೆಗೇ ಬರುವುದಿಲ್ಲ. ಬಟ್ಟೆಯನ್ನು ಅದರಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ನಿಲ್ಲಿಸು. ಎಳೆದರೆ ಹಿಂದಿನದೂ ಕಾಣುತ್ತದೆ. ಬುಟ್ಟಿ ಇಲ್ಲದೆ ಬರೀ ಶೆಲ್ಫಿನಲ್ಲಿ ನಿಲ್ಲಿಸಬೇಡ, ಒಂದನ್ನು ತೆಗೆದ ಕೂಡಲೇ ಉಳಿದವು ಮಲಗಿಬಿಡುತ್ತವೆ.

ಒಂದು ಸಲ ಹಾಕಿ, ಒಗೆಯಲೂ ಮನಸ್ಸಿಲ್ಲದ ಜೀನ್ಸಿಗೆ ಬಾಗಿಲ ಹಿಂದೆ ಎರಡು ಕೊಕ್ಕೆ ಸಾಕು. ಮೂರನೆಯದು ಹಾಕಿಸಿದರೆ ಅಲ್ಲೂ ಗುಡ್ಡ ಬೆಳೆಯುತ್ತದೆ, ನಿನ್ನನ್ನು ನಾನು ಬಲ್ಲೆ.

ಯಾವುದನ್ನು ಕೊಟ್ಟುಬಿಡಲಿ ಅಂತಲೂ ಕೇಳಿದ್ದೀಯ. ಈಗಲೇ ಬೇಡ. ಕಂಬಿಯ ಮೇಲಿನ ಹ್ಯಾಂಗರ್‌ಗಳ ಕೊಕ್ಕೆಯನ್ನೆಲ್ಲ ಉಲ್ಟಾ ತಿರುಗಿಸಿ ಹಾಕು. ತೊಟ್ಟು ಒಗೆದದ್ದನ್ನು ಮಾತ್ರ ಸರಿಯಾಗಿ ಹಾಕುತ್ತಾ ಬಾ. ದೀಪಾವಳಿ ಹೊತ್ತಿಗೆ ಇನ್ನೂ ಉಲ್ಟಾ ಇರುವ ಕುರ್ತಾಗಳನ್ನು ಊರಿಗೆ ಬರುವಾಗ ತಾ. ಇಲ್ಲಿ ಚಿಕ್ಕಿಯ ಮಗಳಿಗೆ ಸರಿಹೋಗುತ್ತವೆ.

ಮೇಲಿನ ಶೆಲ್ಫಿಗೆ ಸೀರೆ ಏರಿಸುವಾಗ ನಿನ್ನ ಆಫೀಸ್ ಕೆಲಸದ ಚಕ್ರದ ಕುರ್ಚಿ ಹತ್ತಬೇಡ. ಮನೆ ಓನರ್ ಹತ್ತಿರ ಸ್ಟೂಲ್ ಕೇಳು.

ಇತಿ,
ನಿನ್ನ ದೊಡ್ಡಮ್ಮ