ನಿನ್ನ ಸಿಟ್ಟಿನ ಪತ್ರ ಮತ್ತು 4.10ರ ಬಸ್ಸು

ಪ್ರೀತಿಯ ಹುಡುಗಿ,

ಶಾಲೆ ಬಿಡುವ ಮೊದಲೇ ಹೊರಟುಬಿಡುವ ಸಂಜೆ ಬಸ್ಸಿನ ಬಗ್ಗೆ ಬರೆದು, ಪತ್ರಿಕೆಯ ವಾಚಕರ ವಾಣಿಗೆ ಕಳಿಸುವ ಮೊದಲು ಒಮ್ಮೆ ನೋಡಿ ಅಂತ ನೀನು ಕಳಿಸಿದ ಪತ್ರ ಓದಿದೆ. ನಿನ್ನ ತಂಗಿ ಕತ್ತಲಾಗುವ ತನಕ ಬಸ್ ನಿಲ್ದಾಣದಲ್ಲಿ ಕೂತಿರುವುದನ್ನು ನೆನೆದರೆ ನನಗೂ ಸಿಟ್ಟು ಬರುತ್ತದೆ. ಆದರೆ ಈ ಪತ್ರ ಹೀಗೇ ಹೋದರೆ ಅಚ್ಚಾಗುವುದಿಲ್ಲ. ಅಚ್ಚಾದರೂ ಬಸ್ಸಿನ ಸಮಯ ಬದಲಾಗುವುದಿಲ್ಲ. ನಾನು ಹನ್ನೊಂದು ವರ್ಷ ಪತ್ರಿಕೆಯೊಂದರಲ್ಲಿ ಓದುಗರ ಪತ್ರ ಆರಿಸುವ ಕೆಲಸ ಮಾಡಿದವಳು. ಇಂಥ ನೂರಾರು ಪತ್ರಗಳನ್ನು ಮನಸ್ಸಿಲ್ಲದೆ ಬದಿಗಿಟ್ಟಿದ್ದೇನೆ.

ನಿನ್ನ ಪತ್ರದ ಮೊದಲ ಸಾಲು ಹೀಗಿದೆ: 'ಹೊಟ್ಟೆ ತುಂಬ ಲಂಚ ತಿಂದು ಮಲಗಿರುವ ಡಿಪೋ ಮ್ಯಾನೇಜರ್‌ಗೆ ಬಡವರ ಮಕ್ಕಳ ಕಣ್ಣೀರು ಕಾಣುವುದಿಲ್ಲ.' ಲಂಚದ ಮಾತಿಗೆ ನಿನ್ನ ಹತ್ತಿರ ಆಧಾರ ಇದೆಯಾ? ಇಲ್ಲ ಅಲ್ವಾ. ಹಾಗಿದ್ದರೆ ಅದು ಮಾನಹಾನಿ. ಬರೆದ ನಿನ್ನ ಮೇಲೂ ಅಚ್ಚು ಹಾಕಿದ ಸಂಪಾದಕರ ಮೇಲೂ ಕೇಸು ಬೀಳಬಹುದು. ಆರಿಸುವವರು ಈ ಸಾಲಿಗೇ ನಿಂತುಬಿಡುತ್ತಾರೆ, ಎರಡನೇ ಸಾಲು ಓದುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಇಡೀ ಪತ್ರ ಓದಿದರೂ ನಿನಗೆ ಏನು ಬೇಕು ಅಂತ ಗೊತ್ತಾಗುವುದಿಲ್ಲ. 'ಎಚ್ಚೆತ್ತುಕೊಳ್ಳಲಿ' ಅಂತ ಮುಗಿಸಿದ್ದೀಯ. ಎಚ್ಚೆತ್ತ ಮೇಲೆ ಅವರು ಏನು ಮಾಡಬೇಕು?

ನಿನ್ನೆ ಫೋನಿನಲ್ಲಿ ಹೇಳಿದ್ದನ್ನು ನೆನಪಿಸಿಕೋ. ಶಾಲೆ ಬಿಡುವುದು 4.30ಕ್ಕೆ. ಮೊದಲು 5 ಗಂಟೆಗೆ ಹೊರಡುತ್ತಿದ್ದ ಬಸ್ಸು ಈಗ 4.10ಕ್ಕೇ ಹೊರಡುತ್ತದೆ. ಮುಂದಿನ ಬಸ್ಸು 7.15ಕ್ಕೆ. ಪತ್ರದಲ್ಲಿ ಈ ನಾಲ್ಕು ಸಮಯಗಳಲ್ಲಿ ಒಂದೂ ಇಲ್ಲ! ಇವನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಕು. ಶಾಲೆ ಬಿಡುವ ಇಪ್ಪತ್ತು ನಿಮಿಷ ಮೊದಲೇ ಬಸ್ಸು ಹೋಗುತ್ತದೆ ಅಂತ ಯಾರಿಗಾದರೂ ತಿಳಿಯುತ್ತದೆ. ಆಗ 'ಬೇಜವಾಬ್ದಾರಿ' ಅನ್ನುವ ಮಾತನ್ನು ನೀನು ಬರೆಯಬೇಕಾಗಿಲ್ಲ, ಓದುವವರೇ ಅಂದುಕೊಳ್ಳುತ್ತಾರೆ.

'ನೂರಾರು ಮಕ್ಕಳು' ಅಂತಲೂ ಬರೆದಿದ್ದೀಯ. ಎಷ್ಟು ಮಕ್ಕಳು ಅಂತ ನಾನು ಕೇಳಿದ ಮೇಲೆ ನೀನು ಮೂರು ಸಂಜೆ ನಿಲ್ದಾಣದಲ್ಲಿ ನಿಂತು ಎಣಿಸಿದೆ. 31 ಹುಡುಗಿಯರು, 22 ಹುಡುಗರು. ಒಟ್ಟು 53. ಕಡಿಮೆಯಾಯ್ತು ಅಂತ ನಿನಗೆ ಬೇಸರವಾಯಿತು. ನನಗೆ ಖುಷಿಯಾಯಿತು. 'ನೂರಾರು' ಅಂದರೆ ಮ್ಯಾನೇಜರ್ ಒಬ್ಬ ಸಿಬ್ಬಂದಿಯನ್ನು ಕಳಿಸಿ ಎಣಿಸುತ್ತಾರೆ, ಐವತ್ತೇ ಸಿಗುತ್ತದೆ, ನಿನ್ನ ಉಳಿದ ಮಾತೂ ಸುಳ್ಳಾಗುತ್ತದೆ. 53 ಅಂದರೆ ಅವರು ಎಣಿಸಿದಾಗಲೂ ಹೆಚ್ಚು ಕಡಿಮೆ ಅಷ್ಟೇ ಸಿಗುತ್ತದೆ. ಒಂದು ಬಸ್ಸು ತುಂಬಲು ಅಷ್ಟು ಸಾಕು.

ಈಗ ಕಷ್ಟದ ಕೆಲಸ. ಮ್ಯಾನೇಜರ್ ಕುರ್ಚಿಯಲ್ಲಿ ನೀನೇ ಕೂತು 'ಆಗಲ್ಲ' ಅಂತ ಹೇಳಿ ನೋಡು. ಅವರು ಎರಡು ಕಾರಣ ಕೊಡಬಹುದು. ಮೊದಲನೆಯದು, ಆ ಟ್ರಿಪ್‌ನಲ್ಲಿ ಕಲೆಕ್ಷನ್ ಇಲ್ಲ. ಇದು ನಿಜವೇ ಇರಬಹುದು. ಪಾಸ್ ಇರುವ ಹುಡುಗರಿಂದ ಆ ದಿನ ಕೈಗೆ ದುಡ್ಡು ಬರುವುದಿಲ್ಲ. ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಹೀಗಾಗಿ ಬಸ್ಸು ತುಂಬಿದ್ದರೂ ಕಂಡಕ್ಟರ್ ಚೀಲ ಹಗುರ. ಆದರೆ ಶೂನ್ಯ ಟಿಕೆಟ್‌ನ ಹಣವನ್ನು ಸರ್ಕಾರವೇ ಸಾರಿಗೆ ನಿಗಮಕ್ಕೆ ಕೊಡಬೇಕು. ಆದ್ದರಿಂದ ಚೀಲದ ದುಡ್ಡು ನೋಡದೆ ತಲೆ ಎಣಿಸಿ ಅಂತ ನೀನು ಕೇಳಬಹುದು. ಇದನ್ನು ಹಂಗಿಸುವ ದನಿಯಲ್ಲಿ ಹೇಳಬೇಡ. ಅವರ ಕಷ್ಟ ನಿಜ ಅಂತ ಒಪ್ಪಿಕೊಂಡೇ ಹೇಳು.

ಎರಡನೆಯ ಕಾರಣ, ಬಸ್ಸಿಲ್ಲ, ಡ್ರೈವರ್ ಇಲ್ಲ. ಇದಕ್ಕೆ ಉತ್ತರ ನೀನು ಹುಡುಕಿದ್ದ ವಿಷಯದಲ್ಲೇ ಇತ್ತು, ನೀನು ಗಮನಿಸಿರಲಿಲ್ಲ. 4.10ರ ಬಸ್ಸು ಕೊನೆಯ ಊರು ಮುಟ್ಟುವುದು 5 ಗಂಟೆಗೆ. ಅಲ್ಲಿಂದ ವಾಪಸ್ ಹೊರಡುವುದು 5.50ಕ್ಕೆ. ಐವತ್ತು ನಿಮಿಷ ಅದು ಅಲ್ಲೇ ನಿಂತಿರುತ್ತದೆ. ಅದೇ ಬಸ್ಸು 4.45ಕ್ಕೆ ಹೊರಟರೆ 5.35ಕ್ಕೆ ಮುಟ್ಟುತ್ತದೆ. ಸಿಬ್ಬಂದಿ ಚಹಾ ಕುಡಿಯಲು ಇನ್ನೂ ಹದಿನೈದು ನಿಮಿಷ ಇರುತ್ತದೆ. ವಾಪಸ್ ಬರುವ ಟ್ರಿಪ್ ಒಂದು ನಿಮಿಷವೂ ಕದಲುವುದಿಲ್ಲ. ಹೊಸ ಬಸ್ಸು ಬೇಡ, ಹೊಸ ಡ್ರೈವರ್ ಬೇಡ. ಶಾಲೆಯಿಂದ ನಿಲ್ದಾಣಕ್ಕೆ ಹತ್ತು ನಿಮಿಷ ನಡೆದರೂ ಮಕ್ಕಳಿಗೆ ಬಸ್ಸು ಸಿಗುತ್ತದೆ. ಇಷ್ಟು ಚಿಕ್ಕದನ್ನು ಕೇಳಿದರೆ 'ಆಗಲ್ಲ' ಅನ್ನುವುದು ಅವರಿಗೇ ಕಷ್ಟ.

ಇವನ್ನೆಲ್ಲ ಇಟ್ಟುಕೊಂಡು ನಾನು ಬರೆದು ನೋಡಿದ್ದು ಹೀಗೆ:

'ನಮ್ಮ ಊರಿನ ಕಡೆ ಸಂಜೆ 4.10ಕ್ಕೆ ಹೊರಡುವ ಬಸ್ಸನ್ನು 4.45ಕ್ಕೆ ಹೊರಡಿಸಬೇಕೆಂದು ಕೋರುತ್ತೇವೆ. ಪ್ರೌಢಶಾಲೆ ಬಿಡುವುದು 4.30ಕ್ಕೆ. ನಂತರದ ಬಸ್ಸು 7.15ಕ್ಕೆ. ಕಳೆದ ವಾರ ಮೂರು ಸಂಜೆ ಎಣಿಸಿದಾಗ 53 ಮಕ್ಕಳು ನಿಲ್ದಾಣದಲ್ಲಿ ಕಾಯುತ್ತಿದ್ದರು. ಅವರಲ್ಲಿ 31 ಹುಡುಗಿಯರು. ಒಂಬತ್ತನೇ ತರಗತಿಯ ನನ್ನ ತಂಗಿ ನಿಲ್ದಾಣದ ಒಂದೇ ದೀಪದ ಕೆಳಗೆ ಹೋಂವರ್ಕ್ ಮುಗಿಸಿ ಮನೆಗೆ ಬರುತ್ತಾಳೆ. ಈ ಟ್ರಿಪ್‌ನಲ್ಲಿ ನಗದು ಆದಾಯ ಕಡಿಮೆ ಇರಬಹುದು. ಪಾಸ್ ಮತ್ತು ಶೂನ್ಯ ಟಿಕೆಟ್‌ನ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಸ್ಸು ಈಗ ಕೊನೆಯ ನಿಲ್ದಾಣದಲ್ಲಿ 50 ನಿಮಿಷ ನಿಲ್ಲುವುದರಿಂದ, 35 ನಿಮಿಷ ತಡವಾಗಿ ಹೊರಟರೂ 5.50ರ ಟ್ರಿಪ್‌ಗೆ ತೊಂದರೆಯಾಗದು. ಒಂದು ತಿಂಗಳು ಪ್ರಯೋಗವಾಗಿ ಓಡಿಸಿ ನೋಡಲಿ. ಬೇರೆ ಅಡಚಣೆ ಇದ್ದರೆ ತಿಳಿಸಲಿ. ಈ ಬಗ್ಗೆ ಡಿಪೋಗೆ ಮನವಿ ಸಲ್ಲಿಸಿದ್ದೇವೆ.'

ಬೇಡಿಕೆಯನ್ನು ಮೊದಲ ವಾಕ್ಯಕ್ಕೇ ತಂದಿದ್ದೇನೆ, ನೋಡು. ಪುಟದಲ್ಲಿ ಜಾಗ ಸಾಲದಿದ್ದಾಗ ನಾವು ಪತ್ರವನ್ನು ಕೆಳಗಿನಿಂದ ಕತ್ತರಿಸುತ್ತಿದ್ದೆವು. ಬೇಡಿಕೆ ಕೊನೆಯಲ್ಲಿದ್ದರೆ ಮೊದಲು ಹೋಗುವುದು ಅದೇ.

ನಿನ್ನ ಸಿಟ್ಟನ್ನು ನಾನು ಪೂರ್ತಿ ತೆಗೆದಿಲ್ಲ. ತಂಗಿ ದೀಪದ ಕೆಳಗೆ ಹೋಂವರ್ಕ್ ಮಾಡುವ ಸಾಲಿನಲ್ಲಿ ಅದು ಇದೆ. ನಿನ್ನ ಮೊದಲ ಪತ್ರದಲ್ಲಿ ಆ ದೀಪದ ಮಾತು ಕೊನೆಯಲ್ಲಿ, ಆವರಣ ಚಿಹ್ನೆಯೊಳಗೆ, ಸುಮ್ನೆ ಬಿದ್ದಿತ್ತು. ಅದರ ಪಕ್ಕ 'ಕಣ್ಣೀರು', 'ಅಮಾನವೀಯ' ಅಂತ ಸೇರಿಸಬೇಡ. ಸೇರಿಸಿದರೆ ಓದುವವರು ದೀಪ ಬಿಟ್ಟು ನಿನ್ನನ್ನು ನೋಡತೊಡಗುತ್ತಾರೆ.

ನಾನು ಬರೆದ ಪತ್ರದ ಕೊನೆಯ ವಾಕ್ಯ ಈಗ ಸುಳ್ಳು. ಅದನ್ನು ನಿಜ ಮಾಡಿದ ಮೇಲೆಯೇ ಪತ್ರ ಕಳಿಸು. ಡಿಪೋಗೆ ಹೋಗಿ ಮನವಿ ಕೊಡು, ಇನ್ನೊಂದು ಪ್ರತಿಯ ಮೇಲೆ ಮುದ್ರೆ ಮತ್ತು ತಾರೀಕು ಹಾಕಿಸಿಕೋ, ಆ ತಾರೀಕನ್ನು ಪತ್ರದಲ್ಲಿ ಸೇರಿಸು. ಇಲ್ಲವಾದರೆ 'ನಮ್ಮ ಗಮನಕ್ಕೇ ಬಂದಿಲ್ಲ' ಅಂತ ಒಂದೇ ಸಾಲಿನಲ್ಲಿ ಉತ್ತರ ಬರುತ್ತದೆ. ಹೆಡ್‌ಮಾಸ್ಟರ್ ಹತ್ತಿರ ಮಕ್ಕಳ ಪಟ್ಟಿ ಕೇಳಿ ಮನವಿಗೆ ಲಗತ್ತಿಸು. ಪತ್ರಿಕೆಗೆ ಕಳಿಸುವಾಗ ಪೂರ್ತಿ ಹೆಸರು, ಊರು, ಫೋನ್ ನಂಬರ್ ಇರಲಿ.

ಇನ್ನೊಂದು ವಿಷಯ ಮರೆತಿದ್ದೆ. ಬಸ್ಸು ಐವತ್ತು ನಿಮಿಷ ನಿಲ್ಲುತ್ತದೆ ಅಂತ ನಿನಗೆ ಹೇಳಿದ್ದು ಕಂಡಕ್ಟರ್ ಅಲ್ವಾ? ಅವರ ಮಾತಿನ ಮೇಲೆ ಬರೆದರೆ ನಾಳೆ ಅವರಿಗೇ ತೊಂದರೆ. ಒಂದು ಸಂಜೆ ನೀನೇ ಆ ಬಸ್ಸಿನಲ್ಲಿ ಕೊನೆಯ ಊರಿಗೆ ಹೋಗಿ, ಗಡಿಯಾರ ನೋಡಿಕೊಂಡು ಬಾ. ಆಮೇಲೆ ಅದು ನೀನು ಕಂಡ ಸಂಗತಿಯಾಗುತ್ತದೆ. ನಿಮಿಷಗಳಲ್ಲಿ ವ್ಯತ್ಯಾಸ ಕಂಡರೆ ಪತ್ರ ತಿದ್ದಿ ಮತ್ತೆ ನನಗೆ ಕಳಿಸು.

ನಿನ್ನ ಅಕ್ಕ