ಹನ್ನೊಂದು ಪುಟದ ಬಯೋಡೇಟಾ, ಮೂರು ನಿಮಿಷದ ಮಾತು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿಮ್ಮ ಕಣ್ಣಿನ ಡಾಕ್ಟರುಗಳ ಸಂಘದ ಊಟದ ದಿನ ನಿಮ್ಮ ಮೇಡಂಗೆ ಜೀವಮಾನದ ಸಾಧನೆಯ ಸನ್ಮಾನವಂತೆ, ಪರಿಚಯ ಭಾಷಣ ನಿನ್ನದಂತೆ. ನಿಮ್ಮಪ್ಪ ಹೇಳಿದ. ಬಯೋಡೇಟಾ ಹನ್ನೊಂದು ಪುಟ ಇದೆಯಂತೆ. ದಯವಿಟ್ಟು ಅದನ್ನೇ ಓದಬೇಡ. ನಾನು ಒಮ್ಮೆ ಹಾಗೆ ಓದಿದ್ದೆ, ಹದಿನೈದು ನಿಮಿಷ. ಹಿಂದಿನ ಟೇಬಲ್‌ಗಳಲ್ಲಿ ಚಮಚದ ಸದ್ದು ಶುರುವಾಯಿತು. ಸನ್ಮಾನಿತರೇ ಎರಡು ಸಲ ವಾಚ್ ನೋಡಿಕೊಂಡರು.

ಬಯೋಡೇಟಾದಲ್ಲಿ ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಇರುವುದು 'ನಂತರ' ಅನ್ನುವ ಮಾತು ಮಾತ್ರ. ನೀನು ಅದನ್ನು ತೆಗೆದು 'ಆದರೆ', 'ಅದಕ್ಕೇ' ಹಾಕಲು ಆಗುತ್ತಾ ನೋಡು.

ಮದುರೆಯ ಡಾ. ವೆಂಕಟಸ್ವಾಮಿಯವರನ್ನೇ ತಗೋ. ಹೆರಿಗೆ ಡಾಕ್ಟರ್ ಆಗಬೇಕು ಅಂತಿದ್ದವರು. ಆದರೆ ಮೂವತ್ತರ ಆಸುಪಾಸಿನಲ್ಲಿ ಸಂಧಿವಾತ ಬಂದು ಬೆರಳುಗಳು ಸೊಟ್ಟಗಾದವು. ಅದಕ್ಕೇ ಕಣ್ಣಿನ ಕಡೆ ಬಂದರು. ಅದೇ ಸೊಟ್ಟ ಬೆರಳಲ್ಲಿ ಚಾಕು ಹಿಡಿಯುವುದನ್ನು ಕಲಿತು ಲಕ್ಷಕ್ಕಿಂತ ಜಾಸ್ತಿ ಆಪರೇಷನ್ ಮಾಡಿದರು. ಆದರೆ ಪೊರೆ ಬಂದು ಕುರುಡಾದವರು ಒಬ್ಬರ ಕೈಗೆ ಮುಗಿಯುವಷ್ಟು ಇರಲಿಲ್ಲ. ಅದಕ್ಕೇ 1976ರಲ್ಲಿ, ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, 11 ಹಾಸಿಗೆಯ ಅರವಿಂದ ಕಣ್ಣಾಸ್ಪತ್ರೆ ತೆರೆದರು. ಮುಂದೆ ಕಣ್ಣೊಳಗೆ ಕೂರಿಸುವ ಲೆನ್ಸ್ ಬಂತು. ಆದರೆ ಹೊರದೇಶದ್ದು, ಬಡವರ ಕೈಗೆ ಎಟುಕದ ಬೆಲೆ. ಅದಕ್ಕೇ 1992ರಲ್ಲಿ ಅರೋಲ್ಯಾಬ್ ಶುರುವಾಗಿ ಲೆನ್ಸ್ ಮದುರೆಯಲ್ಲೇ ತಯಾರಾಯಿತು.

ನೋಡಿದೆಯಾ, ಎಲ್ಲ ಒಂದೇ ದಾರ: ಪೊರೆಯ ರೋಗಿಗೂ ಆಪರೇಷನ್‌ಗೂ ನಡುವೆ ಏನು ಅಡ್ಡ ಇದೆ? ಮೊದಲು ಅವರದೇ ಕೈ, ಆಮೇಲೆ ಕೈಗಳ ಕೊರತೆ, ಆಮೇಲೆ ಬೆಲೆ. ಅವರಿಗೆ 1973ರಲ್ಲಿ ಪದ್ಮಶ್ರೀ ಬಂದಿತ್ತು. ಈ ದಾರಕ್ಕೆ ಅದು ಪೋಣಿಸಲು ಬರುವುದಿಲ್ಲ, ಅದಕ್ಕೇ ನಾನು ಹೇಳಲಿಲ್ಲ. ಅಂಥದ್ದೆಲ್ಲ ಊಟದ ಟೇಬಲ್ ಮೇಲಿಡುವ ಕಾರ್ಡಿನಲ್ಲಿ ಅಚ್ಚಾಗಲಿ.

ಒಂದು ಅಪಾಯ ಇದೆ. ದಾರ ಚೆನ್ನಾಗಿ ಕಂಡಿತು ಅಂತ ಇಲ್ಲದ ಕಾರಣ ಕಟ್ಟಿಬಿಡುತ್ತೇವೆ. ಮೇಡಂ ಊರು ಬಿಟ್ಟದ್ದು ಹಳ್ಳಿ ರೋಗಿಗಳಿಗಾಗಿ ಅಂತ ನೀನು ಹೇಳಿ, ನಿಜಕ್ಕೂ ಅದು ಯಜಮಾನರ ವರ್ಗಾವಣೆಗೆ ಆಗಿದ್ದರೆ? ಎದುರಿಗೆ ಕೂತ ಹಳೇ ಸಹೋದ್ಯೋಗಿಗಳು ನಕ್ಕುಬಿಡುತ್ತಾರೆ. ಅದಕ್ಕೇ ಮೊದಲೇ ಕೇಳು: 'ಮೇಡಂ, ನಡೀತಿದ್ದ ಕೆಲಸ ಬಿಟ್ಟು ಹೊಸದು ಯಾಕೆ ಹಿಡಿದಿರಿ?' ತಮ್ಮ ಮಾತಿನಲ್ಲಿ ಯಾವ ಕಥೆ ಹೇಳುತ್ತಾರೆ ಅಂತಲೂ ಕೇಳಿಕೋ. ಅದನ್ನು ನೀನು ಮುಟ್ಟಬೇಡ. ಅವರ ಒಳ್ಳೇ ಕಥೆಯನ್ನು ನೀನೇ ಹೇಳಿಬಿಟ್ಟರೆ ಅವರು ಮೈಕ್ ಮುಂದೆ ಏನು ಮಾಡಬೇಕು?

ಹೆಸರು ಕೊನೆಗೆ ಬರಲಿ, ಜೋರಾಗಿ, ಇನಿಷಿಯಲ್ ಸಮೇತ. ಅದೇ ಚಪ್ಪಾಳೆಗೆ ಸೂಚನೆ.

ಬರೆದದ್ದನ್ನು ಗಟ್ಟಿಯಾಗಿ ಓದಿ ಗಡಿಯಾರ ನೋಡು, ಆಮೇಲೆ ನನಗೆ ಕಳಿಸು. ಮೇಡಂಗೆ ಮಾತ್ರ ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡಬೇಡ. ಬೆಳಿಗ್ಗೆ ಓಟಿ ಇರುತ್ತದೆ, ಬೇಗ ಮಲಗುತ್ತಾರೆ.

ನಿನ್ನ
ದೊಡ್ಡಪ್ಪ