ಕ್ರೀಡಾಕೂಟದ ಸಮಾರೋಪದ ಮಾತು: ಪೋಷಕರ ಗಮನಕ್ಕೆ

ಎಲ್ಲ ಪೋಷಕರಿಗೆ ನಮಸ್ಕಾರ. ನಾನು ಪಿ.ಟಿ. ಮೇಷ್ಟ್ರು. ನಿನ್ನೆ ಸಂಜೆ ಸಮಾರೋಪದಲ್ಲಿ ನಾನು ಹೇಳಿದ್ದು ಹಿಂದೆ ಕೂತವರಿಗೆ ಕೇಳಿಸಲಿಲ್ಲವಂತೆ. ಹಾಸನದಿಂದ ಆಚೆ ಹಳ್ಳಿಗಳವರು ಬಸ್ಸಿಗೆ ಬೇಗ ಹೊರಟಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ಎಂಟನೇ ತರಗತಿ ಕಬಡ್ಡಿ ಫೈನಲ್, ಅಂಕ 21–21, ಕೊನೆಯ ರೈಡ್. ರೈಡರ್ ವಾಪಸ್ ಓಡುವಾಗ ಅವನ ಬೆರಳ ತುದಿ ಮೂಲೆಯ ಹುಡುಗನ ಮೊಣಕೈಗೆ ತಾಗಿತು. ರೈಡರ್ ಬೆನ್ನು ಅಡ್ಡ ಬಂದು ನನಗೆ ಕಾಣಲಿಲ್ಲ, ಖಾಲಿ ರೈಡ್ ಎಂದು ಸೀಟಿ ಊದುವವನಿದ್ದೆ. ಅಷ್ಟರಲ್ಲಿ ಆ ಹುಡುಗ ತಾನೇ ಕೈ ಎತ್ತಿ ಗೆರೆಯಿಂದ ಆಚೆ ನಡೆದ. ಒಂದೇ ಅಂಕದಲ್ಲಿ ಅವನ ತಂಡ ಸೋತಿತು. ಇಂಥ ಸಣ್ಣ ಸ್ಪರ್ಶ ಎಷ್ಟೋ ಸಲ ಆ ಇಬ್ಬರಿಗೆ ಮಾತ್ರ ಗೊತ್ತಿರುತ್ತದೆ.

ಆಮೇಲೆ ಅವನು ಮರದ ಕೆಳಗೆ ಕೂತು ಅತ್ತ. ನಾನು ತಡೆಯಲಿಲ್ಲ. ಸೋತಾಗ ಅಳುವುದು ತಪ್ಪಲ್ಲ. ಜೊತೆಗಾರನನ್ನೋ ಅಂಪೈರನ್ನೋ ಬೈಯುವುದು ತಪ್ಪು. ಸ್ವಲ್ಪ ಹೊತ್ತಿಗೆ ಮುಖ ತೊಳೆದು ಬಂದು ಗೆದ್ದವರ ಕೈ ಕುಲುಕಿದ.

ದಯವಿಟ್ಟು ಮನೆಯಲ್ಲಿ ಯಾರೂ "ಯಾಕೋ ಕೈ ಎತ್ತಿದೆ?" ಎಂದು ಕೇಳಬೇಡಿ. ಸೋಮವಾರ ಸಂಜೆ ಎರಡೂ ತಂಡಕ್ಕೆ ಒಟ್ಟಿಗೇ ಅಭ್ಯಾಸವಿದೆ, ಕಳಿಸಿಕೊಡಿ.